ಜೂಜು ಬಿಟ್ಟರೂ ಬಿಡದ ಕಡತ

ಬ್ರಿಟನ್ನಿನ ಆನ್‌ಲೈನ್ ಜೂಜಿನ ಕಂಪನಿ ಸ್ಕೈ ಬೆಟ್‌ನಲ್ಲಿ ಆಡಿ ಸೋತು, ಚಟದಿಂದ ಬಿಡಿಸಿಕೊಂಡ ಗ್ರಾಹಕರೊಬ್ಬರು ತಮ್ಮ ಬಗ್ಗೆ ಏನೇನು ಮಾಹಿತಿ ಇದೆಯೋ ಅದನ್ನೆಲ್ಲ ಕೊಡಿ ಎಂದು ಕಾನೂನಿನ ಮೂಲಕ ಕೇಳಿದರು. ಯುರೋಪಿನ ದತ್ತಾಂಶ ರಕ್ಷಣೆಯ ಕಾನೂನಾದ ಜಿಡಿಪಿಆರ್ 2018ರಲ್ಲಿ ಜಾರಿಗೆ ಬಂದ ಮೇಲೆ ಇಂಥ ಅರ್ಜಿಗೆ ಶುಲ್ಕವಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಲೇಬೇಕು. ಬಂದ ಉತ್ತರವನ್ನು 2021ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಅವರ ಬ್ಯಾಂಕ್ ವ್ಯವಹಾರ, ಮನೆ ಸಾಲದ ವಿವರ, ಇದ್ದ ಜಾಗದ ಗುರುತು, ಚಕ್ರ ತಿರುಗಿಸಿ ಚಿತ್ರ ಹೊಂದಿಸುವ ಸ್ಲಾಟ್ ಆಟಗಳಲ್ಲಿ ಯಾವುದು, ಯಾವ ಫುಟ್‌ಬಾಲ್ ಪಂದ್ಯ ಎಂಬುದೆಲ್ಲ ಕಂಪನಿಯ ಬಳಿಯೋ ಅದು ನೇಮಿಸಿಕೊಂಡ ದತ್ತಾಂಶ ಸಂಸ್ಥೆಗಳ ಬಳಿಯೋ ಇತ್ತು. ಅವರು ಆಟ ನಿಲ್ಲಿಸಿದ ಮೇಲೆ ತಂತ್ರಾಂಶ ಅವರ ಹೆಸರಿನ ಮುಂದೆ ಹೊಸದೊಂದು ಗುರುತು ಹಾಕಿತ್ತು: ಕಂಪನಿ ಮರಳಿ ಗೆಲ್ಲಬೇಕಾದ ಗ್ರಾಹಕ.

ಚಟ ಬಿಟ್ಟವನು ಮನೆಯವರಿಗೆ ಗೆದ್ದು ಬಂದವನು, ಲೆಕ್ಕದ ಪುಸ್ತಕಕ್ಕೆ ಕೈತಪ್ಪಿ ಹೋದವನು.

ಇಂಥ ಕಡತ ತುಂಬುವುದಕ್ಕೆ ಗೂಢಚಾರಿಕೆ ಬೇಕಾಗಿಲ್ಲ. ಮೊದಲ ಪದರ ಕಾನೂನೇ ಕೇಳುವಂಥದ್ದು. ವಯಸ್ಸು ಖಚಿತಪಡಿಸಲು ಹುಟ್ಟಿದ ದಿನಾಂಕ, ಹಣದ ಅಕ್ರಮ ವರ್ಗಾವಣೆ ತಡೆಯಲು ವಿಳಾಸ ಮತ್ತು ಹಣಕಾಸಿನ ಮೂಲ. ವಂಚಕರನ್ನು ಹಿಡಿಯಲೆಂದು ಫೋನಿನ ಗುರುತನ್ನೂ ನೆಟ್‌ವರ್ಕಿನ ವಿವರವನ್ನೂ ದಾಖಲಿಸುತ್ತಾರೆ. ಎರಡನೆಯ ಪದರ ಆಟದ್ದೇ: ಪ್ರತಿ ಪಣದ ಮೊತ್ತ, ಹೊತ್ತು, ಸೋಲು, ಮತ್ತೆ ಹಣ ತುಂಬಿದ್ದು, ಹಿಂದಕ್ಕೆ ಪಡೆಯಲು ಕೋರಿ ಆಮೇಲೆ ರದ್ದು ಮಾಡಿದ್ದು. ಕುದುರೆ ಜೂಜಿನ ಅಂಗಡಿಯಲ್ಲಿ ನಗದು ಕೊಟ್ಟು ಚೀಟಿ ಹರಿಸಿಕೊಂಡವನ ಬಗ್ಗೆ ಅಂಗಡಿಯವನಿಗೆ ಇಷ್ಟು ತಿಳಿಯಲು ಸಾಧ್ಯವೇ ಇರಲಿಲ್ಲ. ಮೂರನೆಯ ಪದರವನ್ನು ಆಟಗಾರ ಕೊಟ್ಟಿರುವುದೇ ಇಲ್ಲ. ಮೊದಲೆರಡರಿಂದ ಲೆಕ್ಕ ಹಾಕಿ ಊಹಿಸಿದ್ದು ಅದು. ಈತನಿಂದ ಒಟ್ಟಾರೆ ಎಷ್ಟು ಆದಾಯ ಬಂದೀತು, ಯಾವಾಗ ಬಿಟ್ಟು ಹೋದಾನು, ಯಾವ ಕೊಡುಗೆಗೆ ಬಗ್ಗುತ್ತಾನೆ. ಮಾರಾಟ ವಿಭಾಗ ಓದುವುದು ಮುಖ್ಯವಾಗಿ ಈ ಮೂರನೆಯದನ್ನು.

ಕೊಡುಗೆ ತಯಾರಾಗುವ ಬಗೆಯನ್ನು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡಬಹುದು. ಒಬ್ಬನು ಸಂಬಳ ಬಂದ ವಾರಾಂತ್ಯದ ರಾತ್ರಿ ಸ್ಲಾಟ್ ಆಡುತ್ತಾನೆ, ಈಗ ಮೂರು ವಾರದಿಂದ ಸುದ್ದಿಯಿಲ್ಲ. ಅವನಿಗೆ ಫುಟ್‌ಬಾಲ್ ರಿಯಾಯಿತಿ ಕಳಿಸಿ ಪ್ರಯೋಜನವಿಲ್ಲ. ಅವನ ಮೆಚ್ಚಿನ ಸ್ಲಾಟ್‌ನ ಹೆಸರು ಹೇಳಿ, ಶುಕ್ರವಾರ ಸಂಜೆ, 10 ಪೌಂಡ್ ಬೋನಸ್ ಕಳಿಸುತ್ತಾರೆ. ಷರತ್ತು ಕೆಳಗೆ ಸಣ್ಣಕ್ಷರದಲ್ಲಿರುತ್ತದೆ: ಬೋನಸ್ಸಿನ 40 ಪಟ್ಟು ಪಣ ಕಟ್ಟಿದ ಮೇಲಷ್ಟೇ ಗೆದ್ದದ್ದನ್ನು ತೆಗೆದುಕೊಳ್ಳಬಹುದು. ಅಂದರೆ 400 ಪೌಂಡ್ ಪಣ. ಸ್ಲಾಟ್ ಸರಾಸರಿ 100ಕ್ಕೆ 96 ಹಿಂದಿರುಗಿಸುವಂಥದ್ದಾದರೆ 400ಕ್ಕೆ ಸರಾಸರಿ ನಷ್ಟ 16 ಪೌಂಡ್. ಉಚಿತವಾಗಿ ಬಂದ 10 ಕರಗಿ ಕೈಯಿಂದ ಇನ್ನೂ 6 ಹೋಗುವ ಲೆಕ್ಕ ಇದು. ಕಂಪನಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆಯೇ ಇದೆ, ಮೂರು ವಾರ ಸುಮ್ಮನಿದ್ದವನು ಮತ್ತೆ ಲಾಗಿನ್ ಆದ.

ಸ್ಕೈ ಬೆಟ್‌ನ ಕಥೆಯಲ್ಲಿ ನಿಯಂತ್ರಕರು ಹಲವು ಸಲ ಬಂದು ಹೋಗಿದ್ದಾರೆ. ನನ್ನನ್ನು ಆಡಲು ಬಿಡಬೇಡಿ ಎಂದು ಗ್ರಾಹಕರೇ ಬರೆದುಕೊಡುವ ಸ್ವಯಂ ನಿರ್ಬಂಧದ ವ್ಯವಸ್ಥೆ ಅಲ್ಲಿದೆ. ಹಾಗೆ ಬರೆದುಕೊಟ್ಟ ಸುಮಾರು 50,000 ಮಂದಿಗೆ ಪ್ರಚಾರ ಸಂದೇಶ ಹೋಗಿತ್ತೆಂಬುದೂ ಸೇರಿದಂತೆ ಹಲವು ಲೋಪಗಳಿಗೆ 2018ರಲ್ಲಿ ಜೂಜು ಆಯೋಗ ಸುಮಾರು 10 ಲಕ್ಷ ಪೌಂಡ್ ದಂಡ ಹಾಕಿತು. 2021ರ ನವೆಂಬರ್ 2ರಂದು ಅದೇ ತಪ್ಪು ಮರುಕಳಿಸಿತು. ಇದೇ ಕಂಪನಿಯ ಸ್ಲಾಟ್ ಆಟಗಳ ತಾಣ ಸ್ಕೈ ವೆಗಾಸ್‌ನ ಉಚಿತ ಸ್ಪಿನ್ ಮಿಂಚಂಚೆ 41,395 ಮಂದಿ ಸ್ವಯಂ ನಿರ್ಬಂಧಿತರಿಗೂ, ಪ್ರಚಾರ ಬೇಡವೆಂದಿದ್ದ 2,49,159 ಮಂದಿಗೂ ತಲುಪಿತು. ಆ ವಾರ ದೇಶದಲ್ಲಿ ಸುರಕ್ಷಿತ ಜೂಜಿನ ಜಾಗೃತಿ ಸಪ್ತಾಹ ನಡೆಯುತ್ತಿತ್ತು. ಮರುವರ್ಷ 11.7 ಲಕ್ಷ ಪೌಂಡ್ ದಂಡ ಬಿತ್ತು.

ಇಲ್ಲೊಂದು ತೊಡಕಿದೆ. ಯಾರಿಗೆ ಕಳಿಸಬಾರದು ಎಂದು ತಿಳಿಯಬೇಕಾದರೂ ಆ ವ್ಯಕ್ತಿಯ ವಿವರ ಇಟ್ಟುಕೊಂಡಿರಲೇಬೇಕು. ಹಾಗಾಗಿ ನಿರ್ಬಂಧ ಕೋರಿದವನ ಹೆಸರು ಅಳಿಸಿ ಹೋಗುವುದಿಲ್ಲ, ಕಳಿಸಬಾರದವರ ಪಟ್ಟಿಗೆ ಸೇರುತ್ತದೆ. ಪ್ರತಿ ಪ್ರಚಾರಕ್ಕೂ ಮೊದಲು ಆ ಪಟ್ಟಿಯನ್ನು ಕಳೆದು ಉಳಿದವರಿಗೆ ಕಳಿಸಬೇಕು. ಆ ಒಂದು ಹಂತ ತಪ್ಪಿತೆಂದರೆ ಕಾಪಾಡಲು ಮಾಡಿದ ಪಟ್ಟಿಯಲ್ಲಿರುವವರಿಗೂ ಆಮಿಷ ಮುಟ್ಟುತ್ತದೆ.

ಜಾಲತಾಣ ನೋಡಿದವರ ಜಾಡು ಹಿಡಿಯುವ ಜಾಹೀರಾತಿನ ಕುಕಿಗಳ ವಿಚಾರದಲ್ಲೂ ಇದೇ ಕಂಪನಿ ಸಿಕ್ಕಿಬಿದ್ದಿತು. 2023ರ ಜನವರಿ 10ರಿಂದ ಮಾರ್ಚ್ 3ರವರೆಗೆ ಅದರ ಜಾಲತಾಣ ತೆರೆದವರ ಮಾಹಿತಿ, ಒಪ್ಪಿಗೆಯೋ ಬೇಡವೋ ಎಂದು ಒತ್ತುವ ಮುಂಚೆಯೇ ಜಾಹೀರಾತು ಕಂಪನಿಗಳಿಗೆ ಹೋಗುತ್ತಿತ್ತು. ಬ್ರಿಟನ್ನಿನಲ್ಲಿ ದತ್ತಾಂಶ ರಕ್ಷಣೆ ನೋಡಿಕೊಳ್ಳುವ ಮಾಹಿತಿ ಆಯುಕ್ತರ ಕಚೇರಿ 2024ರ ಸೆಪ್ಟೆಂಬರಿನಲ್ಲಿ ಛೀಮಾರಿ ಹಾಕಿತು, ದಂಡ ಹಾಕಲಿಲ್ಲ. ದುರ್ಬಲರನ್ನು ಉದ್ದೇಶಪೂರ್ವಕವಾಗಿ ಗುರಿಯಾಗಿಸಿದ್ದಕ್ಕೆ ಪುರಾವೆ ಸಿಗಲಿಲ್ಲ ಎಂದೂ ಹೇಳಿತು. ಈ ಮಾತನ್ನು ಕಂಪನಿಯ ಪರವಾಗಿ ದಾಖಲಿಸುವುದು ನ್ಯಾಯ.

ಆದರೆ ಒಪ್ಪಿಗೆ ಒತ್ತಿದ್ದರೂ ಅದು ಒಪ್ಪಿಗೆಯೇ ಎಂಬ ಪ್ರಶ್ನೆಗೆ 2025ರ ಜನವರಿಯಲ್ಲಿ ಲಂಡನ್ನಿನ ಹೈಕೋರ್ಟ್ ತೀರ್ಪು ಕೊಟ್ಟಿತು. ಹೆಸರು ಮರೆಮಾಚಿದ ಅರ್ಜಿದಾರ ಮಾಜಿ ಜೂಜುಗಾರ. ಎರಡು ವರ್ಷಗಳಲ್ಲಿ ಅವರಿಗೆ ಸಾವಿರಕ್ಕೂ ಹೆಚ್ಚು ಪ್ರಚಾರ ಮಿಂಚಂಚೆಗಳು ಬಂದಿದ್ದವು. ಅವರೇ ಒಪ್ಪಿದ್ದಾರಲ್ಲ ಎಂಬುದು ಸ್ಕೈ ಬೆಟ್‌ನ ವಾದ. ನ್ಯಾಯಮೂರ್ತಿ ಕಾಲಿನ್ಸ್ ರೈಸ್ ಅದನ್ನು ತಳ್ಳಿಹಾಕಿದರು: ಚಟ ಇಚ್ಛಾಶಕ್ತಿಯನ್ನೇ ಕುಗ್ಗಿಸಿದ್ದಾಗ ಕೊಟ್ಟ ಒಪ್ಪಿಗೆಗೆ ಕಾನೂನು ಬಯಸುವಷ್ಟು ಗಟ್ಟಿತನವಿಲ್ಲ. ಸಂದೇಶ ಕಳಿಸಿದ್ದೇ ಅಕ್ರಮವಾದ ಮೇಲೆ, ಅದಕ್ಕಾಗಿಯೇ ಅವರ ಆಟವನ್ನು ಅಳೆದು ತೂಗಿದ್ದೂ ಅಕ್ರಮ. ಕಂಪನಿಗಳಿಗೆ ಈ ತೀರ್ಪು ಯಾಕೆ ನುಂಗಲಾರದ ತುತ್ತಾಯಿತೆಂದರೆ, ಗ್ರಾಹಕನ ಮನಸ್ಸಿನೊಳಗೆ ಏನಿದೆ ಎಂದು ಅವರಿಗೆ ಗೊತ್ತಾಗದಿದ್ದರೂ ಹೊಣೆ ಅವರದೇ ಎಂದು ಅದು ಹೇಳಿದಂತಾಯಿತು. ಅವನು ಶುಕ್ರವಾರ ಸಂಜೆ ಮರಳಿ ಬಂದಾನೆಂದು ಊಹಿಸಬಲ್ಲ ಕಂಪನಿಗೆ ಅವನು ಸಂಕಟದಲ್ಲಿದ್ದಾನೆಂದು ತಿಳಿಯಲಿಲ್ಲ ಎಂಬ ಮಾತು ನನಗಂತೂ ರುಚಿಸುವುದಿಲ್ಲ.

2025ರ ಮೇ 1ರಿಂದ ಬ್ರಿಟನ್ನಿನಲ್ಲಿ ಯಾವ ಆಟದ ಪ್ರಚಾರ ಬೇಕು, ಮಿಂಚಂಚೆಯೋ ಸಂದೇಶವೋ ಕರೆಯೋ ಎಂದು ಗ್ರಾಹಕ ಬೇರೆ ಬೇರೆಯಾಗಿ ಒಪ್ಪಬೇಕು. ಬೋನಸ್ಸಿನ ಷರತ್ತಿಗೂ 2026ರ ಜನವರಿಯಿಂದ 10 ಪಟ್ಟಿನ ಮಿತಿ ಬಂದಿದೆ. ಮೇಲಿನ 16 ಪೌಂಡ್ ನಷ್ಟ ಇದರಿಂದ 4ಕ್ಕೆ ಇಳಿಯುತ್ತದೆ.

ಸ್ಕೈ ಬೆಟ್‌ನ ಒಡೆಯ ಫ್ಲಟರ್ ಕಂಪನಿ ನಮ್ಮಲ್ಲಿ ಜಂಗ್ಲೀ ರಮ್ಮಿಯನ್ನೂ ನಡೆಸುತ್ತಿತ್ತು. 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ಆ ಆಟ ನಿಂತಿತು. ಆಟ ನಿಂತ ಮಾತ್ರಕ್ಕೆ ಇಂಥ ಕಂಪನಿಗಳ ಬಳಿ ಸೇರಿದ್ದ ಪ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ, ವರ್ಷಗಟ್ಟಲೆಯ ಆಟದ ದಾಖಲೆ ಆವಿಯಾಗುವುದಿಲ್ಲ. 2025ರ ನವೆಂಬರಿನಲ್ಲಿ ಪ್ರಕಟವಾದ ದತ್ತಾಂಶ ರಕ್ಷಣಾ ನಿಯಮಗಳ ಪ್ರಕಾರ 50 ಲಕ್ಷ ಅಥವಾ ಅದಕ್ಕೂ ಹೆಚ್ಚು ನೋಂದಾಯಿತ ಬಳಕೆದಾರರಿರುವ ಆನ್‌ಲೈನ್ ಆಟದ ವೇದಿಕೆಗಳು, ಬಳಕೆದಾರ ಮೂರು ವರ್ಷ ಇತ್ತ ತಲೆಹಾಕದಿದ್ದರೆ ಅವನ ಮಾಹಿತಿಯನ್ನು ಅಳಿಸಬೇಕು. ಈ ಹೊಣೆ ಜಾರಿಗೆ ಬರಲು ಪ್ರಕಟಣೆಯಿಂದ 18 ತಿಂಗಳ ಕಾಲಾವಕಾಶವಿದೆ. ಅಳಿಸುವ ಕನಿಷ್ಠ 48 ಗಂಟೆ ಮೊದಲು ಅವನಿಗೆ ತಿಳಿಸಬೇಕೆಂದೂ ನಿಯಮ ಹೇಳುತ್ತದೆ. ಆ ಸೂಚನೆಯಲ್ಲಿ ಇರಬೇಕಾದದ್ದು ಇಷ್ಟು: ನೀವು ಲಾಗಿನ್ ಆಗದಿದ್ದರೆ ಅಥವಾ ನಮ್ಮನ್ನು ಸಂಪರ್ಕಿಸದಿದ್ದರೆ ನಿಮ್ಮ ಮಾಹಿತಿ ಅಳಿಸಿಹೋಗುತ್ತದೆ.