ತಾಳೆ ನೋಡಿದ್ದು ಯಾವುದರ ಜೊತೆ?

"ಸರ್, ತಾಳೆ ನೋಡಿದ್ದೀನಿ. ಟೇಬಲ್ಲಿಗೂ ಉತ್ತರಕ್ಕೂ ಪಕ್ಕಾ ಹೊಂದುತ್ತೆ."

ಡಿಜಿಟಲ್ ಲಾಜಿಕ್ ಅಸೈನ್‌ಮೆಂಟ್ ತಂದುಕೊಡುವ ಹುಡುಗರಿಂದ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ನಾನು ಕೇಳುವುದು ಒಂದೇ ಪ್ರಶ್ನೆ: ಟ್ರುತ್ ಟೇಬಲ್ ಬರೆದದ್ದು ಯಾವುದನ್ನು ನೋಡಿ? ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಹೇಳುತ್ತಾರೆ: "ಎಕ್ಸ್‌ಪ್ರೆಶನ್ ನೋಡಿ." ಎಕ್ಸ್‌ಪ್ರೆಶನ್ನಿನಿಂದ ಟೇಬಲ್ ಬರೆದು, ಅದೇ ಟೇಬಲ್ ಇಟ್ಟುಕೊಂಡು ಎಕ್ಸ್‌ಪ್ರೆಶನ್ ಸರಿಯೋ ಎಂದು ನೋಡಿದರೆ ಹೊಂದದೆ ಇನ್ನೇನಾಗುತ್ತದೆ? ಸರ್ಕ್ಯೂಟಿನ ಚಿತ್ರ ಮೊದಲ ಪುಟದಲ್ಲೇ ಉಳಿದಿರುತ್ತದೆ, ಅದನ್ನು ಯಾರೂ ತಿರುಗಿ ನೋಡಿರುವುದಿಲ್ಲ.

ಮೊನ್ನೆ ಬಂದದ್ದನ್ನೇ ಹೇಳುತ್ತೇನೆ. ಮೂರು ಇನ್‌ಪುಟ್, A, B, C. A ಮತ್ತು B ಒಂದು ನ್ಯಾಂಡ್ ಗೇಟಿಗೆ ಹೋಗುತ್ತವೆ. B ಮತ್ತು C ಒಂದು ಆರ್ ಗೇಟಿಗೆ. ಆ ಎರಡು ಗೇಟುಗಳ ಔಟ್‌ಪುಟ್ ಸೇರುವುದು ಕೊನೆಯ ಆಂಡ್ ಗೇಟಿನಲ್ಲಿ, ಅಲ್ಲಿಂದ ಬರುವುದು F. ಮೂರೇ ಗೇಟು. ಹುಡುಗಿ ಮೊದಲ ಸಾಲಿನಲ್ಲಿ A ಮತ್ತು B ಎರಡರ ಮೇಲೂ ಹಾಯುವ ಒಂದೇ ಉದ್ದನೆಯ ಬಾರ್ ಎಳೆದಿದ್ದಳು. ಸರಿಯಾಗಿಯೇ ಇತ್ತು. ಪುಟ ತಿರುವಿ ಮತ್ತೆ ಬರೆಯುವಾಗ ಪೆನ್ನು ನಡುವೆ ಒಮ್ಮೆ ಮೇಲೆದ್ದಿದೆ. A ಮೇಲೆ ಒಂದು ಗೀಟು, B ಮೇಲೆ ಇನ್ನೊಂದು ಗೀಟು. ಅಂದರೆ (AB)' ಇದ್ದದ್ದು A'B' ಆಗಿಹೋಯಿತು. ಅಲ್ಲಿಂದ ಮುಂದೆ ಅವಳ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. A'B'(B + C) ಬಿಡಿಸಿದಳು, B'B ಸೊನ್ನೆಯಾಗಿ ಹೋಯಿತು, A'B'C ಉಳಿಯಿತು. ಟೇಬಲ್ ಬರೆದಳು, 001 ಸಾಲಿನಲ್ಲಿ ಮಾತ್ರ ಒಂದು. ತಾಳೆ ನೋಡಿದಳು, ಹೊಂದಿತು. ಅಚ್ಚುಕಟ್ಟಾದ ಅಕ್ಷರ, ಕೆಂಪು ಇಂಕಿನಲ್ಲಿ ಚೌಕ ಹಾಕಿದ ಉತ್ತರ. ಪೂರ್ತಿ ತಪ್ಪು.

ನಾನು ಅವಳಿಗೆ ಹೇಳಿದ್ದು ಇಷ್ಟೇ: "ಬೀಜಗಣಿತ ಮುಚ್ಚಿಡಮ್ಮ. ಚಿತ್ರ ತೆಗಿ. A ತಂತಿಯ ಮೇಲೆ 0 ಬರಿ, B ಮೇಲೆ 1, C ಮೇಲೆ 0. ಈಗ ಒಂದೊಂದೇ ಗೇಟು ದಾಟು." ನ್ಯಾಂಡ್‌ಗೆ 0 ಮತ್ತು 1 ಹೋದರೆ 1 ಬರುತ್ತದೆ. ಆರ್‌ಗೆ 1 ಮತ್ತು 0 ಹೋದರೆ 1. ಕೊನೆಯ ಆಂಡ್ 1 ಕೊಡುತ್ತದೆ. ಅವಳ ಟೇಬಲ್ಲಿನ ಅದೇ ಸಾಲಿನಲ್ಲಿ 0 ಇತ್ತು. ಒಂದೇ ಸಾಲು, ಅರ್ಧ ನಿಮಿಷ. ಅವಳು ಹಿಂದಿನ ಪುಟ ತಿರುವಿ ಆ ಮುರಿದ ಗೀಟನ್ನು ತಾನೇ ಕಂಡುಹಿಡಿದಳು.

ಹಾಗಾಗಿ ನನ್ನ ಹಟ ಇದು: ಟೇಬಲ್ ಹುಟ್ಟಬೇಕಾದದ್ದು ಚಿತ್ರದಿಂದ, ಎಕ್ಸ್‌ಪ್ರೆಶನ್ನಿನಿಂದ ಅಲ್ಲ. ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ಸೇರಿದರೆ ಮಾತ್ರ ಅದು ತಾಳೆ. ಕೇಳುವುದಕ್ಕೆ ಇದು ಸುಲಭ. ಆದರೆ ಹತ್ತು ಸಲ ಹೇಳಿದ ಮೇಲೂ ಹನ್ನೊಂದನೆಯ ಸಲ ಅದೇ ತಪ್ಪು ಬರುತ್ತದೆ, ಏಕೆಂದರೆ ಎಕ್ಸ್‌ಪ್ರೆಶನ್ ಕೈಗೆ ಸಿಕ್ಕಮೇಲೆ ಚಿತ್ರ ನೋಡುವುದು ಬೇಸರದ ಕೆಲಸ.

ಅಷ್ಟು ಬೇಸರವೇನೂ ಇಲ್ಲ, ಸಾಲು ಸಾಲಾಗಿ ಮಾಡದೆ ಗೇಟು ಗೇಟಾಗಿ ಮಾಡಿದರೆ. ನ್ಯಾಂಡಿನಿಂದ ಹೊರಬರುವ ತಂತಿಗೆ P ಎಂದು ಹೆಸರಿಡಿ, ಆರ್‌ನಿಂದ ಬರುವುದಕ್ಕೆ Q. ಈಗ P ಕಾಲಂ ಒಂದನ್ನೇ ಮೇಲಿಂದ ಕೆಳಗೆ ತುಂಬಿ. ನ್ಯಾಂಡ್ ಸೊನ್ನೆ ಕೊಡುವುದು ಎರಡೂ ಇನ್‌ಪುಟ್ 1 ಆಗಿದ್ದಾಗ ಮಾತ್ರ, ಅಂದರೆ ಕೊನೆಯ ಎರಡು ಸಾಲು. ಅಲ್ಲಿ 0, ಉಳಿದ ಕಡೆಯೆಲ್ಲ 1. Q ಸೊನ್ನೆಯಾಗುವುದು B, C ಎರಡೂ ಸೊನ್ನೆಯಾದಾಗ ಮಾತ್ರ, ಅದೂ ಎರಡೇ ಸಾಲು. ಇನ್ನು F, ಈ ಎರಡರಲ್ಲಿ ಯಾವುದು ಸೊನ್ನೆಯಾದರೂ ಸೊನ್ನೆ.

```
A B C   P Q   F
0 0 0   1 0   0
0 0 1   1 1   1
0 1 0   1 1   1
0 1 1   1 1   1
1 0 0   1 0   0
1 0 1   1 1   1
1 1 0   0 1   0
1 1 1   0 1   0
```

P, Q ಕಾಲಂಗಳನ್ನು ಉತ್ತರಪತ್ರಿಕೆಯಲ್ಲಿ ಬಿಟ್ಟುಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ. ಎಲ್ಲಿ ಎಡವಿದಿರಿ ಎಂದು ತೋರಿಸುವುದು ಅವೇ. F ಕಾಲಂ ಒಂದೇ ಇದ್ದರೆ ತಪ್ಪಾಗಿದೆ ಎನ್ನುವುದು ಮಾತ್ರ ಗೊತ್ತಾಗುತ್ತದೆ, ಯಾವ ಗೇಟಿನಲ್ಲಿ ಎಂದು ನಿಮಗೂ ಗೊತ್ತಾಗುವುದಿಲ್ಲ, ಅಂಕ ಕೊಡುವ ನನಗೂ ಗೊತ್ತಾಗುವುದಿಲ್ಲ.

ಈಗ ಎಕ್ಸ್‌ಪ್ರೆಶನ್ ಕಡೆಯಿಂದ ಬರೋಣ. ಉದ್ದನೆಯ ಬಾರ್ ಒಡೆದರೆ ನಡುವಿನ ಗುಣಾಕಾರ ಸಂಕಲನವಾಗುತ್ತದೆ, ಆದ್ದರಿಂದ (A' + B')(B + C). ಬಿಡಿಸಿದರೆ A'B + A'C + B'C. ಇದರಲ್ಲಿ A'C ಬೇಡ, ಅದು ಹಿಡಿಯುವ ಎರಡು ಸಾಲುಗಳನ್ನು ಉಳಿದ ಎರಡು ಪದಗಳೇ ಹಿಡಿದಿರುತ್ತವೆ. ಉಳಿದದ್ದು A'B + B'C. ಟೇಬಲ್ಲಿನ ಮೇಲಿಟ್ಟು ನೋಡಿದರೆ A'B ಎನ್ನುವುದು 010 ಮತ್ತು 011 ಸಾಲುಗಳನ್ನು ಹಿಡಿಯುತ್ತದೆ, B'C ಎನ್ನುವುದು 001 ಮತ್ತು 101 ಸಾಲುಗಳನ್ನು. ನಾಲ್ಕೂ ಒಂದುಗಳು ಸಿಕ್ಕವು.

ಇಲ್ಲಿಗೇ ಪೆನ್ನು ಕೆಳಗಿಡುವವರು ಇನ್ನೊಂದು ಬಳಗ. ಒಂದುಗಳೆಲ್ಲ ಸಿಕ್ಕವು, ಮುಗಿಯಿತು ಎನ್ನುತ್ತಾರೆ. ಸೊನ್ನೆಗಳನ್ನು ಯಾರು ನೋಡಬೇಕು? ಒಬ್ಬ ಹುಡುಗ ಇದೇ ಸರ್ಕ್ಯೂಟಿಗೆ A'B + C ಎಂದು ಬರೆದಿದ್ದ. ಅದರಲ್ಲೂ ನಾಲ್ಕು ಒಂದುಗಳೂ ಸಿಗುತ್ತವೆ. ಆದರೆ ಬರಿಯ C ಎನ್ನುವುದು 111 ಸಾಲನ್ನೂ ಬಾಚಿಕೊಳ್ಳುತ್ತದೆ, ಟೇಬಲ್ಲಿನಲ್ಲಿ ಅಲ್ಲಿ ಇರುವುದು ಸೊನ್ನೆ. ಎಂಟು ಸಾಲು ಎಂದರೆ ಎಂಟೂ ಸಾಲು ನೋಡಬೇಕು.

ಕಂಪ್ಯೂಟರಿನಲ್ಲಿ ನೋಡಬಹುದೇ ಎಂದು ಕೇಳುತ್ತಾರೆ. ಧಾರಾಳವಾಗಿ ನೋಡಿ, ಆರು ಸಾಲಿನ ಪೈಥಾನ್ ಸಾಕು.

```python
for n in range(8):
    A, B, C = n >> 2 & 1, n >> 1 & 1, n & 1
    P = 1 - (A & B)
    Q = B | C
    answer = (1 - A) & B | (1 - B) & C
    print(A, B, C, P & Q, answer, (P & Q) ^ answer)
```

ಕೊನೆಯ ಕಾಲಂ ಎಂಟೂ ಸಾಲಿನಲ್ಲಿ 0 ಬಂದರೆ ಎರಡೂ ಒಂದೇ. P, Q ಎರಡನ್ನೂ ನಾನು ಗೇಟು ನೋಡಿಕೊಂಡೇ ಬರೆದಿದ್ದೇನೆ ಎನ್ನುವುದನ್ನು ಗಮನಿಸಿ. ಅಲ್ಲಿ ನೀವು ಚಿತ್ರ ಬಿಟ್ಟು ನಿಮ್ಮ A'B' ಅನ್ನೇ ಟೈಪ್ ಮಾಡಿದರೆ ಕಂಪ್ಯೂಟರ್ ಕೂಡ ಅದೇ ತಪ್ಪಿಗೆ ಸೈ ಎನ್ನುತ್ತದೆ. ಇನ್ನೊಂದು, ನಾಟ್ ಮಾಡಲು `~` ಬಳಸಬೇಡಿ. ಪೈಥಾನಿನಲ್ಲಿ `~1` ಎಂದರೆ 0 ಅಲ್ಲ, -2. ಅದಕ್ಕೇ ನಾನು `1 - A` ಎಂದು ಬರೆಯುವುದು.

ಇನ್ನು ಗೆಳೆಯರ ಉತ್ತರದ ಜೊತೆ ಹೋಲಿಸಿ ಕಂಗಾಲಾಗುವವರ ಕಥೆ. ಒಬ್ಬಳ ಬಳಿ A'B + B'C, ಇನ್ನೊಬ್ಬನ ಬಳಿ (A' + B')(B + C), ಮೂರನೆಯವನು A'C ಬಿಡದೆ ಮೂರು ಪದ ಇಟ್ಟುಕೊಂಡಿದ್ದಾನೆ. ಬಹುಮತದ ಮೇಲೆ ಉತ್ತರ ತಿದ್ದಿಕೊಳ್ಳುವುದನ್ನೂ ಕಂಡಿದ್ದೇನೆ! ಮೂರೂ ಒಂದೇ ಟೇಬಲ್ ಕೊಡುತ್ತವೆ, ಆದ್ದರಿಂದ ಸರ್ಕ್ಯೂಟಿನ ಮಟ್ಟಿಗೆ ಮೂರೂ ಸರಿ. ಯಾವುದಕ್ಕೆ ಪೂರ್ತಿ ಅಂಕ ಎನ್ನುವುದು ಪ್ರಶ್ನೆ ಏನು ಕೇಳಿದೆ ಎನ್ನುವುದರ ಮೇಲೆ ನಿಂತಿದೆ. ಗುಣಲಬ್ಧಗಳ ಮೊತ್ತ ಕೇಳಿದ್ದರೆ ಮೊದಲನೆಯದು, ಮೊತ್ತಗಳ ಗುಣಲಬ್ಧ ಕೇಳಿದ್ದರೆ ಎರಡನೆಯದು. ಏನೂ ಹೇಳದೆ "ಸರಳೀಕರಿಸಿ" ಎಂದಷ್ಟೇ ಇದ್ದರೆ ಅಸೈನ್‌ಮೆಂಟ್ ಕೊಟ್ಟವರನ್ನೇ ಕೇಳುವುದು ಒಳ್ಳೆಯದು, ಅವರ ಪರವಾಗಿ ನಾನು ಹೇಳಲಾರೆ.

ನಮ್ಮ ಹುಡುಗಿ ತಿದ್ದಿಕೊಂಡು ಬಂದಮೇಲೆ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು. "ಸರ್, ಮೊದಲಿನದ್ದು ಮೂರು ಗೇಟು. ಸರಳ ಮಾಡಿದ್ದಕ್ಕೆ ಎರಡು ನಾಟ್, ಎರಡು ಆಂಡ್, ಒಂದು ಆರ್, ಒಟ್ಟು ಐದು ಬೇಕು. ಎಲ್ಲೋ ತಪ್ಪಾಗಿದೆ ಅಲ್ವಾ?" ತಪ್ಪಾಗಿಲ್ಲ. ನಾವು ಸರಳ ಎನ್ನುವುದು ಆ ರೂಪದೊಳಗೆ ಅತಿ ಕಡಿಮೆ ಪದ, ಅತಿ ಕಡಿಮೆ ಅಕ್ಷರ ಎನ್ನುವ ಅರ್ಥದಲ್ಲಿ. ಬೋರ್ಡಿನ ಮೇಲೆ ಅತಿ ಕಡಿಮೆ ಗೇಟು ಎಂದು ಅದರ ಅರ್ಥವಲ್ಲ. ಈ ಸರ್ಕ್ಯೂಟು ಕೊಟ್ಟ ರೂಪದಲ್ಲೇ ಅಗ್ಗ, ಏಕೆಂದರೆ ನ್ಯಾಂಡ್ ಗೇಟು ಎರಡು ನಾಟ್‌ಗಳ ಕೆಲಸವನ್ನು ಒಂದೇ ಏಟಿಗೆ ಮುಗಿಸುತ್ತದೆ.

ಆ ಬಿಟ್ಟ A'C ಬಗ್ಗೆಯೂ ಅವಳಿಗೆ ಒಂದು ಮಾತು ಹೇಳಿದೆ. A ಸೊನ್ನೆ, C ಒಂದು ಇರುವಾಗ B ಒಂದರಿಂದ ಸೊನ್ನೆಗೆ ಇಳಿಯಿತು ಎಂದುಕೊಳ್ಳಿ. ಟೇಬಲ್ ಪ್ರಕಾರ 011 ಸಾಲಿನಲ್ಲೂ F 1, 001 ಸಾಲಿನಲ್ಲೂ 1. ಆದರೆ A'B ಆರಿಹೋದ ಮೇಲೆ B'C ಹತ್ತಿಕೊಳ್ಳಬೇಕಾದರೆ ಮೊದಲು ನಾಟ್ ಗೇಟು B' ತಯಾರಿಸಬೇಕು, ಅದಕ್ಕೆ ಕೆಲವು ನ್ಯಾನೋಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು F ಸೊನ್ನೆಗೆ ಜಾರಿ ಮತ್ತೆ ಮೇಲೇಳಬಹುದು. A'C ಇದ್ದಿದ್ದರೆ ಅದು B ಕಡೆ ನೋಡದೆ ಒಂದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಕಾಲದ ಲೆಕ್ಕ ಟೇಬಲ್ಲಿಗೆ ಗೊತ್ತಿಲ್ಲ, ಆದ್ದರಿಂದ ಎಷ್ಟು ತಾಳೆ ನೋಡಿದರೂ ಇದು ಅದರಲ್ಲಿ ಕಾಣುವುದಿಲ್ಲ.

ನಾನು ಓದುತ್ತಿದ್ದಾಗ ಇಂಥದ್ದೇ ಒಂದು ಔಟ್‌ಪುಟ್ಟನ್ನು ಕೌಂಟರಿನ ಕ್ಲಾಕಿಗೆ ಕೊಟ್ಟು ಒಂದು ಮಧ್ಯಾಹ್ನ ಪೂರ್ತಿ ಕಳೆದಿದ್ದೆ. ಎಲ್‌ಇಡಿ ಹಚ್ಚಿ ನೋಡಿದರೆ ಮಿನುಗೂ ಇಲ್ಲ, ಕೌಂಟರ್ ಮಾತ್ರ ತಾನಾಗಿ ಎಣಿಸುತ್ತಾ ಹೋಗುತ್ತಿತ್ತು. ಮೂರು ಸಲ ವೈರ್ ಕಿತ್ತು ಹಾಕಿದೆ, ಐಸಿ ಬದಲಿಸಿದೆ, ಟೇಬಲ್ ಎರಡು ಸಲ ಹೊಸದಾಗಿ ಬರೆದೆ. ಕೊನೆಗೆ ಲ್ಯಾಬಿನ ಹಿರಿಯರೊಬ್ಬರು ನನ್ನ ಪುಸ್ತಕದಲ್ಲಿ ನಾನು ಹೆಮ್ಮೆಯಿಂದ ಹೊಡೆದುಹಾಕಿದ್ದ ಪದದ ಮೇಲೆ ಬೆರಳಿಟ್ಟು, "ಇದನ್ನ ವಾಪಸ್ ಹಾಕು" ಎಂದು ಹೇಳಿ ಚಹಾ ಕುಡಿಯಲು ಹೋದರು.