ಅದೇ ಕೆಟ್ಟ ಕನಸು ಮತ್ತೆ ಮತ್ತೆ: ಅದನ್ನು ತಿದ್ದಿ ಬರೆಯಬಹುದೇ?

ಪ್ರಶ್ನೆ: ನನಗೆ 38 ವರ್ಷ. ವಾರದಲ್ಲಿ ಮೂರು ಸಲವಾದರೂ ಒಂದೇ ಕನಸು ಬೀಳುತ್ತದೆ. ಯಾರೋ ಕತ್ತಲಲ್ಲಿ ಮೆಟ್ಟಿಲು ಹತ್ತಿ ಬರುತ್ತಿರುತ್ತಾರೆ. ನಾನು ಬಾಗಿಲ ಚಿಲಕ ಹಾಕಲು ಹೋಗುತ್ತೇನೆ, ಚಿಲಕ ಕೂರುವುದೇ ಇಲ್ಲ. ಬೆಚ್ಚಿ ಎದ್ದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಎಚ್ಚರವಿದ್ದಾಗಲೇ ಕನಸನ್ನು ಬದಲಿಸಿ ಅಭ್ಯಾಸ ಮಾಡಿದರೆ ಇದು ಕಡಿಮೆಯಾಗುತ್ತದಂತೆ, ನಿಜವೇ?

ಉತ್ತರ: ನಿಜ. ಇದಕ್ಕೆ ಇಮೇಜರಿ ರಿಹರ್ಸಲ್ ಥೆರಪಿ ಎನ್ನುತ್ತಾರೆ. ಅಮೆರಿಕದ ವೈದ್ಯ ಬ್ಯಾರಿ ಕ್ರಾಕೋವ್ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದ 168 ಮಹಿಳೆಯರೊಂದಿಗೆ ನಡೆಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಮೂರೇ ಸೆಷನ್‌ಗಳಲ್ಲಿ ಇದನ್ನು ಕಲಿತವರಲ್ಲಿ ಕೆಟ್ಟ ಕನಸುಗಳು ಗಣನೀಯವಾಗಿ ಇಳಿದಿದ್ದವು.

ಇದರ ಹಿಂದಿನ ತರ್ಕ ಸರಳ. ಮೊದಲು ಯಾವ ಕಾರಣಕ್ಕೆ ಬಿದ್ದಿದ್ದರೂ, ವರ್ಷಗಟ್ಟಲೆ ಮರುಕಳಿಸುವ ಕನಸು ಮನಸ್ಸಿಗೆ ಬಾಯಿಪಾಠವಾಗಿಬಿಟ್ಟಿರುತ್ತದೆ. ಹಗಲಿನಲ್ಲಿ ಬೇರೊಂದು ಪಾಠವನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದರೆ ಹಳೆಯದರ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಅಭ್ಯಾಸ ಮಾಡಬೇಕಾದದ್ದು ಹೊಸ ಕನಸನ್ನು ಮಾತ್ರ. ಹಳೆಯದನ್ನು ಒಮ್ಮೆ ಚುಟುಕಾಗಿ ಬರೆದು ಪಕ್ಕಕ್ಕಿಡಿ. ದಿನವೂ ಅದನ್ನು ಓದಿ, ಆಮೇಲೆ ಹೊಸದಕ್ಕೆ ಬರುವವರು ತಿಳಿಯದೆಯೇ ಹಳೆಯ ಪಾಠವನ್ನೇ ಗಟ್ಟಿ ಮಾಡಿಕೊಳ್ಳುತ್ತಾರೆ.

ಈಗ ನಿಮ್ಮ ಕನಸನ್ನೇ ತೆಗೆದುಕೊಳ್ಳೋಣ. ಹೆಚ್ಚಿನವರಿಗೆ ಮೊದಲು ಹೊಳೆಯುವುದು ಚಿಲಕವನ್ನು ಸರಿಮಾಡುವುದು, ಇಲ್ಲವೇ ಬಂದವನನ್ನು ಹೊಡೆದು ಓಡಿಸುವುದು. ಇವೆರಡರಲ್ಲೂ ಮೆಟ್ಟಿಲ ಮೇಲೆ ಶತ್ರು ಹಾಗೇ ಉಳಿದಿರುತ್ತಾನೆ, ಅಭ್ಯಾಸದ ಹೊತ್ತಿನಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಬದಲಾವಣೆ ಭಯ ಏರುವ ಮೊದಲೇ ಬರಲಿ. ಹೀಗೆ ಬರೆಯಬಹುದು: ಸಂಜೆ ಐದರ ಬಿಸಿಲು ಮೆಟ್ಟಿಲ ಮೇಲೆ ಬಿದ್ದಿದೆ. ಬಾಗಿಲು ತೆರೆದೇ ಇದೆ. ಕೆಳಗಿನಿಂದ ಹೆಜ್ಜೆಸದ್ದು, ಜತೆಗೆ ಬಳೆಯ ಸದ್ದು. ಅಕ್ಕ ಸ್ಟೀಲ್ ಡಬ್ಬಿ ಹಿಡಿದು ಏದುಸಿರು ಬಿಡುತ್ತಾ ಹತ್ತಿ ಬರುತ್ತಾಳೆ. ಮುಚ್ಚಳ ತೆಗೆದರೆ ಬಿಸಿ ಕಾಯಿಹೋಳಿಗೆ, ಏಲಕ್ಕಿಯ ಪರಿಮಳ. ಇಬ್ಬರೂ ಹೊಸ್ತಿಲ ಮೇಲೆ ಕೂತು ತಿನ್ನುತ್ತಾರೆ.

ಇದು ಒಂದು ಮಾದರಿಯಷ್ಟೇ. ನಿಮ್ಮದನ್ನು ನೀವೇ ಕಟ್ಟಬೇಕು, ಇನ್ನೊಬ್ಬರು ಬರೆದುಕೊಟ್ಟದ್ದು ಅಷ್ಟು ನಾಟುವುದಿಲ್ಲ. ನಂಬುವಂತಿರಬೇಕೆಂದೇನೂ ಇಲ್ಲ, ಮೆಟ್ಟಿಲು ಮಾವಿನ ತೋಪಿಗೆ ತೆರೆದುಕೊಂಡರೂ ಆದೀತು. ಆದರೆ ಬೆಳಕು, ಸದ್ದು, ವಾಸನೆ ಇರಲೇಬೇಕು. ‘ಆಮೇಲೆ ಎಲ್ಲ ಸರಿಹೋಯಿತು’ ಎಂದು ಬರೆದರೆ ಮನಸ್ಸಿಗೆ ನೋಡಲು ಏನೂ ಸಿಗುವುದಿಲ್ಲ.

ದಿನಕ್ಕೆ 10ರಿಂದ 20 ನಿಮಿಷ, ಹಗಲಿನಲ್ಲೋ ಮಲಗುವ ಮೊದಲೋ, ಕೂತು ಕಣ್ಣು ಮುಚ್ಚಿ ಈ ಹೊಸ ಕನಸನ್ನು ಮೊದಲಿನಿಂದ ಕೊನೆಯವರೆಗೆ ನೋಡಿ. ನಡುವೆ ಹಳೆಯ ಚಿತ್ರ ನುಗ್ಗಿದರೆ ಅದರೊಡನೆ ಗುದ್ದಾಡಬೇಡಿ. ಕಣ್ಣು ತೆರೆದು, ಕೋಣೆಯನ್ನೊಮ್ಮೆ ನೋಡಿ, ಬಿಸಿಲಿನ ಮೆಟ್ಟಿಲಿನಿಂದ ಮತ್ತೆ ಶುರುಮಾಡಿ. ಪದೇ ಪದೇ ನುಗ್ಗುತ್ತಿದ್ದರೆ ಹೊಸ ಕನಸು ಹಳೆಯದಕ್ಕೆ ತೀರಾ ಹತ್ತಿರವಿದೆ ಎಂದರ್ಥ, ಇನ್ನಷ್ಟು ದೂರ ಒಯ್ದು ಬರೆಯಿರಿ. ವಾರಕ್ಕೆ ಒಂದು ಅಥವಾ ಎರಡು ಕನಸಿಗಿಂತ ಹೆಚ್ಚು ತಿದ್ದಲು ಹೋಗಬೇಡಿ. ಹಲವು ಕನಸುಗಳಿದ್ದರೆ ಕಡಿಮೆ ಭಯದ್ದರಿಂದ ಆರಂಭಿಸಿ, ಅತಿ ಘೋರವಾದದ್ದು ಕೊನೆಗಿರಲಿ.

ಅಕ್ಕ ಮತ್ತು ಹೋಳಿಗೆ ನಿದ್ದೆಯಲ್ಲಿ ಬರಲಿಲ್ಲವೆಂದು ಎರಡನೇ ವಾರಕ್ಕೇ ಕೈಬಿಡುವವರಿದ್ದಾರೆ. ಹೊಸ ಕನಸು ಬೀಳಲೇಬೇಕೆಂದಿಲ್ಲ. ಹಳೆಯದು ಅಪರೂಪವಾದರೆ, ಅಥವಾ ಬಿದ್ದರೂ ಬೇಗ ಮತ್ತೆ ನಿದ್ದೆ ಹತ್ತಿದರೆ, ಅಭ್ಯಾಸ ಕೆಲಸ ಮಾಡುತ್ತಿದೆ. ಇದು ನೆನಪಿನಿಂದ ತಿಳಿಯುವುದಿಲ್ಲ. ಕ್ಯಾಲೆಂಡರಿನಲ್ಲಿ ಕನಸು ಬಿದ್ದ ರಾತ್ರಿಗೆ ಗುರುತು ಹಾಕಿ, ಪಕ್ಕದಲ್ಲಿ ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ, ನಾಲ್ಕು ವಾರದ ಬಳಿಕ ಹೋಲಿಸಿ ನೋಡಿ.

ಕೆಲವು ಸಂದರ್ಭಗಳಲ್ಲಿ ಮೊದಲು ವೈದ್ಯರನ್ನು ಕಾಣಬೇಕು. ಬಿ.ಪಿ.ಗೆ ಕೊಡುವ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು, ಖಿನ್ನತೆಯ ಕೆಲವು ಔಷಧಗಳು ಕೆಟ್ಟ ಕನಸು ತರಬಲ್ಲವು. ಮಾತ್ರೆ ಶುರುವಾದ ಮೇಲೇ ಕನಸೂ ಶುರುವಾಗಿದ್ದರೆ ವೈದ್ಯರಿಗೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಜೋರಾಗಿ ಗೊರಕೆ, ಉಸಿರುಗಟ್ಟಿ ಏಳುವುದು ಇದ್ದರೆ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ, ಇದೆಯೇ ಎಂಬ ಪರೀಕ್ಷೆ ಆಗಬೇಕು. ಐವತ್ತು ದಾಟಿದವರು ಕನಸಿಗೆ ತಕ್ಕಂತೆ ನಿದ್ದೆಯಲ್ಲೇ ಒದೆಯುವುದು, ಗುದ್ದುವುದು ಮಾಡುತ್ತಿದ್ದರೆ ಅದು ಬೇರೆಯೇ ತೊಂದರೆ, ನರರೋಗ ತಜ್ಞರಿಗೆ ತೋರಿಸಬೇಕು.

ನಿಮ್ಮ ಕನಸು ನಿಜಕ್ಕೂ ನಡೆದ ಆಘಾತದ ಮರುಪ್ರದರ್ಶನವಾಗಿದ್ದರೆ, ಅಥವಾ ಅಭ್ಯಾಸ ಶುರುಮಾಡಿದ ಮೇಲೆ ಹಗಲಿನಲ್ಲೂ ಆ ದೃಶ್ಯಗಳು ನುಗ್ಗತೊಡಗಿದರೆ, ಒಬ್ಬರೇ ಮುಂದುವರಿಸದೆ ಕ್ಲಿನಿಕಲ್ ಸೈಕಾಲಜಿಸ್ಟ್ ಜತೆ ಮಾಡಿ. ಬದುಕೇ ಬೇಡವೆನ್ನಿಸುವ ಯೋಚನೆ ಬಂದರೆ ಕಾಯಬೇಡಿ. ಭಾರತದಲ್ಲಿ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.