ಗ್ರಾಫ್‌ನಲ್ಲಿ ಪಿಎಚ್ 7 ಸಿಕ್ಕಿದರೆ ಅದೇ ಈಕ್ವಿವಲೆನ್ಸ್ ಪಾಯಿಂಟಾ?

ಪ್ರಶ್ನೆ: ಟೈಟ್ರೇಶನ್ ಕರ್ವ್ ಇರುವ ಸ್ಲೈಡ್ ತೋರಿಸಿ ಈಕ್ವಿವಲೆನ್ಸ್ ಪಾಯಿಂಟ್ ಗುರುತು ಮಾಡಿ ಅಂದರು. ನಾನು ಪಿಎಚ್ 7ರ ಹತ್ತಿರ ಚುಕ್ಕೆ ಇಟ್ಟೆ. ತಪ್ಪು ಅಂದರು. ಯಾಕೆ? ಬಫರ್ ಭಾಗ ಅಂದರೆ ಯಾವುದು?

ಉತ್ತರ: ಆ ಸ್ಲೈಡಿನಲ್ಲಿದ್ದದ್ದು ಬಹುಶಃ ಅಸಿಟಿಕ್ ಆಮ್ಲ. ಅದನ್ನೇ ತೆಗೆದುಕೊಳ್ಳೋಣ. ಫ್ಲಾಸ್ಕಿನಲ್ಲಿ 0.1 ಮೋಲಾರ್ ಅಸಿಟಿಕ್ ಆಮ್ಲ 25 ಮಿಲಿ ಇದೆ. ಬ್ಯುರೆಟ್ಟಿನಿಂದ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಬೀಳುತ್ತಿದೆ. ಅಡ್ಡಗೆರೆಯಲ್ಲಿ ಹಾಕಿದ ಮಿಲಿ, ಉದ್ದಗೆರೆಯಲ್ಲಿ ಪಿಎಚ್.

ಮೊದಲು ಉದ್ದಗೆರೆಯನ್ನು ಮರೆತುಬಿಡಿ. ಗೆರೆ ಎಲ್ಲಿ ಗೋಡೆಯ ಹಾಗೆ ನೆಟ್ಟಗೆ ಏರಿದೆ ಅಂತ ಮಾತ್ರ ಹುಡುಕಿ. 24.9 ಮಿಲಿ ಹಾಕಿದಾಗ ಪಿಎಚ್ ಸುಮಾರು 7.1. 25.1 ಮಿಲಿಗೆ 10.3. ನಾಲ್ಕೈದು ಹನಿಗೆ ಇಷ್ಟು ಜಿಗಿತ! ಅತಿ ಕಡಿದಾದ ಜಾಗದಿಂದ ನೇರ ಕೆಳಗೆ ಇಳಿದರೆ 25 ಮಿಲಿ ಸಿಗುತ್ತದೆ. ಆಮ್ಲ ಎಷ್ಟಿತ್ತೋ ಅಷ್ಟೇ ಪ್ರತ್ಯಾಮ್ಲ ಬಿದ್ದಿದೆ. ಈಕ್ವಿವಲೆನ್ಸ್ ಪಾಯಿಂಟ್ ಅಂದರೆ ಇದೇ. ಈಗ ಉದ್ದಗೆರೆ ನೋಡಿ: 8.7.

ಏಳು ಯಾಕಲ್ಲ? ಆಮ್ಲ ಮುಗಿದರೂ ಅದರಿಂದ ಹುಟ್ಟಿದ ಅಸಿಟೇಟ್ ಫ್ಲಾಸ್ಕಿನಲ್ಲೇ ಇದೆ. ಅದು ನೀರಿನಿಂದ ಸ್ವಲ್ಪ ಹೈಡ್ರೋಜನ್ ಅಯಾನು ಕಿತ್ತುಕೊಂಡು ಹೈಡ್ರಾಕ್ಸೈಡ್ ಉಳಿಸುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವಾಗಿದ್ದರೆ ಕ್ಲೋರೈಡ್ ಸುಮ್ನೆ ಇರುತ್ತಿತ್ತು, ನಿಮ್ಮ 7 ಸರಿಯಾಗುತ್ತಿತ್ತು.

ಇನ್ನು ಬಫರ್ ಭಾಗ. 25ರ ಅರ್ಧ 12.5 ಮಿಲಿ. ಅಲ್ಲಿಂದ ನೇರ ಮೇಲೆ ಹೋಗಿ ಗೆರೆಯನ್ನು ಮುಟ್ಟಿ. ಪಿಎಚ್ 4.74. ಇಲ್ಲಿ ಅರ್ಧ ಆಮ್ಲ ಅಸಿಟೇಟ್ ಆಗಿದೆ, ಅರ್ಧ ಹಾಗೇ ಉಳಿದಿದೆ. ಎರಡೂ ಸಮ ಇರುವುದರಿಂದ ಇಲ್ಲಿನ ಪಿಎಚ್ಚೇ ಆಮ್ಲದ ಪಿಕೆಎ, ಅಂದರೆ ಆಮ್ಲ ಎಷ್ಟು ಪ್ರಬಲ ಅಂತ ಹೇಳುವ ಅಂಕ. ಇದರ ಆಚೀಚೆ ಒಂದೊಂದು ಅಂಕ, ಅಂದರೆ 3.74ರಿಂದ 5.74ರವರೆಗಿನದು ಬಫರ್ ಭಾಗ. ಸುಮಾರು 2.3 ಮಿಲಿಯಿಂದ 22.7 ಮಿಲಿವರೆಗೆ, ಇಪ್ಪತ್ತು ಮಿಲಿ ಸುರಿದರೂ ಪಿಎಚ್ ಏರುವುದು ಬರೀ ಎರಡು ಅಂಕ. ಬಿದ್ದ ಹೈಡ್ರಾಕ್ಸೈಡನ್ನು ಉಳಿದ ಆಮ್ಲ ನುಂಗಿಬಿಡುತ್ತದೆ.

ಇಲ್ಲೊಂದು ಮೋಸವಿದೆ. ಜಿಗಿತ ಮುಗಿದ ಮೇಲೂ ಗೆರೆ ಚಪ್ಪಟೆಯಾಗುತ್ತದೆ. ಎಷ್ಟೋ ಜನ ಅದನ್ನೂ ಬಫರ್ ಅಂತ ಬರೆಯುತ್ತಾರೆ. ಅಲ್ಲಿ ಆಮ್ಲವೇ ಇಲ್ಲ, ಹೆಚ್ಚಾದ ಸೋಡಿಯಂ ಹೈಡ್ರಾಕ್ಸೈಡ್ ಅಷ್ಟೆ. ಹಾಗಾಗಿ ಚಪ್ಪಟೆ ಕಂಡ ಕೂಡಲೇ ಗುರುತು ಹಾಕಬೇಡಿ. ಮೊದಲು ಜಿಗಿತ, ಆಮೇಲೆ ಅದರ ಅರ್ಧ, ಅದರ ಸುತ್ತ ಬಫರ್.

ಲ್ಯಾಬಿನಲ್ಲಿ ಈ ಟೈಟ್ರೇಶನ್‌ಗೆ ಫಿನಾಫ್ತಲೀನ್ ಹಾಕಿಸುವುದೂ ಈಕ್ವಿವಲೆನ್ಸ್ ಪಾಯಿಂಟ್ 8.7ರಲ್ಲಿ ಇರುವ ಕಾರಣಕ್ಕೇ. ಅದು ಬಣ್ಣ ಬದಲಿಸುವುದು ಸುಮಾರು 8.2ರಿಂದ 10ರ ನಡುವೆ, ಜಿಗಿತದ ಒಳಗೇ. ಮೀಥೈಲ್ ಆರೆಂಜ್ ಹಾಕಿದರೆ 4.4ಕ್ಕೇ ಹಳದಿಯಾಗಿಬಿಡುತ್ತದೆ. ಆಗ ಬ್ಯುರೆಟ್ಟಿನಿಂದ ಇಳಿದಿರುವುದು ಎಂಟು ಮಿಲಿಯೂ ಇರುವುದಿಲ್ಲ.